ಮನೆವಾರ್ತೆ: ನಕಲಿಯೆಂದು ತಿಳಿದ ಮೇಲೆ

ದಾವಣಗೆರೆಯ ಸೋದರಿಯೊಬ್ಬರು ಬರೆದ ಕಾಗದವು ಈ ತಿಂಗಳು ನಮ್ಮ ಕೈಸೇರಿರುವುದು. ಮಗಳ ಸೀಮಂತಕ್ಕೆಂದು ಅವರು ಅಂತರ್ಜಾಲದ ಅಂಗಡಿಯೊಂದರಲ್ಲಿ ‘ಅಪ್ಪಟ ಮೈಸೂರು ರೇಷ್ಮೆ, ನಿಗಮದ ಕಾರ್ಖಾನೆಯಲ್ಲಿ ನೆಯ್ದುದು’ ಎಂಬ ಒಕ್ಕಣೆಯನ್ನು ನಂಬಿ, 16,800 ರೂಪಾಯಿಗಳಿಗೆ ಒಂದು ಸೀರೆಯನ್ನು ತರಿಸಿದರು. ಹಣವನ್ನು ಕ್ರೆಡಿಟ್ ಕಾರ್ಡಿನಿಂದ ಸಲ್ಲಿಸಿದರು. ಸೆಪ್ಟೆಂಬರು 10ನೆಯ ತಾರೀಖು ಸೀರೆ ಮನೆಗೆ ಬಂದಿತು. ಮಡಿಕೆಯನ್ನೂ ಬಿಚ್ಚದೆ ಪೆಟ್ಟಿಗೆಯಲ್ಲಿರಿಸಿದರು. ಅಕ್ಟೋಬರು ಕೊನೆಯ ವಾರದಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮಳಿಗೆಗೆ ಅದನ್ನು ಕೊಂಡೊಯ್ದು ತೋರಿಸಲು, ಅಲ್ಲಿದ್ದವರು ಅಂಚನ್ನು ತಿರುವಿ ನೋಡಿ, “ಇದು ನಮ್ಮದಲ್ಲಮ್ಮ” ಎಂದುಬಿಟ್ಟರು. ಮಾರಿದ ಅಂಗಡಿಗೆ ಬರೆದರೆ, ‘ಏಳು ದಿನಗಳೊಳಗಾಗಿ ಹಿಂದಿರುಗಿಸಬೇಕಿತ್ತು, ಈಗ ಆಗದು. ಆದರೂ ನಿಮ್ಮ ಮೇಲಣ ಗೌರವದಿಂದ ಒಪ್ಪುತ್ತೇವೆ; ಸೀರೆಯನ್ನು ಮೊದಲು ಕಳುಹಿಸಿರಿ, ನೋಡಿ ಹೇಳುತ್ತೇವೆ’ ಎಂದು ಉತ್ತರ ಬಂದಿದೆಯಂತೆ. ಕಳುಹಿಸಲೇ ಎಂಬುದು ಸೋದರಿಯವರ ಪ್ರಶ್ನೆ.

ಕಳುಹಿಸಬಾರದು. ಕಡೆಗೂ ಕಳುಹಿಸಲೇಬಾರದೆಂದಲ್ಲ; ಈಗಲೇ, ಕೈಯಲ್ಲಿ ಒಂದು ಕಾಗದವೂ ಇಲ್ಲದೆ ಕಳುಹಿಸಬಾರದು. ನಕಲಿಯ ವ್ಯವಹಾರದಲ್ಲಿ ಆ ಸೀರೆಯೇ ಸಾಕ್ಷಿ. ಅದು ಮಾರಿದವನ ಕೈಸೇರಿದ ಮರುದಿನವೇ ‘ನಾವು ಕಳುಹಿಸಿದ್ದು ಬೇರೆ, ನೀವು ಹಿಂದಿರುಗಿಸಿದ್ದು ಬೇರೆ’ ಎಂಬ ಮಾತು ಹುಟ್ಟಬಹುದು. ಆಗ ಬ್ಯಾಂಕಿನವರಿಗೆ ತೋರಿಸಲು ತಮ್ಮ ಬಳಿ ಏನೂ ಉಳಿದಿರುವುದಿಲ್ಲ. ಮೊದಲು ಕಾಗದ, ಆಮೇಲೆ ವಸ್ತು ಎಂಬ ಈ ಕ್ರಮವೊಂದನ್ನು ಪಾಲಿಸಿದರೆ ಉಳಿದ ಬಾಗಿಲುಗಳೆಲ್ಲವೂ ತೆರೆದೇ ಇರುವುವು.

ಯಾವ ಕಾಗದ ಬೇಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ದೂರುಗಳು ಒಂದರೊಳಗೊಂದು ಅಡಗಿಕೊಂಡಿವೆ. ಇದು ರೇಷ್ಮೆಯೇ ಅಲ್ಲವೆಂಬುದು ಒಂದು. ರೇಷ್ಮೆಯಾಗಿದ್ದರೂ ಮೈಸೂರಿನ ನಿಗಮದ್ದಲ್ಲವೆಂಬುದು ಇನ್ನೊಂದು. ಮೊದಲನೆಯದನ್ನು ಪರೀಕ್ಷಾಲಯವು ಹೇಳಬಲ್ಲುದು. ಎರಡನೆಯದನ್ನು ನಿಗಮವು ಮಾತ್ರವೇ ಅಧಿಕಾರಯುತವಾಗಿ ಹೇಳಬಲ್ಲುದು.

ರೇಷ್ಮೆಯ ಪರೀಕ್ಷೆಯನ್ನು ನಮ್ಮ ಹಿರಿಯರು ಮನೆಯಲ್ಲಿಯೇ ಮಾಡುತ್ತಿದ್ದರು. ಸೆರಗಿನ ಒಳ ಅಂಚಿನಿಂದ ಒಂದೆರಡು ಎಳೆಗಳನ್ನು ಕಿತ್ತು ದೀಪಕ್ಕೆ ಹಿಡಿದರೆ, ರೇಷ್ಮೆಯಾದರೆ ಕೂದಲು ಸುಟ್ಟ ನಾತ ಬರುವುದು. ಉಳಿದ ಕಪ್ಪು ಬೂದಿಯು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವುದು. ಪಾಲಿಯೆಸ್ಟರಾದರೆ ಎಳೆಯು ಕರಗಿ ಮುದುಡಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುವುದು. ವಿಸ್ಕೋಸ್ ಎಂಬ ಕೃತಕ ನೂಲಾದರೆ ಕಾಗದದಂತೆ ಉರಿಯುವುದು. ಇಲ್ಲೊಂದು ಎಚ್ಚರಿಕೆ ಬೇಕು. ಹಾಸಿನ ಎಳೆಯೊಂದನ್ನೇ ಸುಟ್ಟು ನೋಡಿ ತೃಪ್ತಿಪಡಬಾರದು; ಹಾಸಿನಲ್ಲಿ ರೇಷ್ಮೆಯನ್ನಿಟ್ಟು ಹೊಕ್ಕಿನಲ್ಲಿ ಅಗ್ಗದ ನೂಲನ್ನು ಹೊಗಿಸುವುದು ಹಳೆಯ ಚಾಳಿ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಆದರೆ ಈ ದೀಪದ ಪರೀಕ್ಷೆಯು ತಮ್ಮ ಮನಸ್ಸಿನ ಸಮಾಧಾನಕ್ಕೆ ಮಾತ್ರ. ಬ್ಯಾಂಕಿಗೆ ಬೇಕಾದುದು ಮುದ್ರೆಯೊತ್ತಿದ ವರದಿ.

ಅದಕ್ಕೆ ಕೇಂದ್ರ ರೇಷ್ಮೆ ಮಂಡಲಿಯ ಆಶ್ರಯದಲ್ಲಿ 2004ರಲ್ಲಿ ಪ್ರಾರಂಭವಾದ ‘ಸಿಲ್ಕ್ ಮಾರ್ಕ್’ ಸಂಸ್ಥೆಯು ಇದೆ. ಇದರ ಪ್ರಧಾನ ಕಚೇರಿ ಬೆಂಗಳೂರಿನಲ್ಲಿ, ಮಂಡಲಿಯ ಆವರಣದಲ್ಲಿಯೇ ಇರುವುದು. ವಾಹನಗಳ ದಟ್ಟಣೆಗೆ ಊರಿಗೆಲ್ಲ ಹೆಸರಾದ ಸಿಲ್ಕ್ ಬೋರ್ಡ್ ಕೂಡುರಸ್ತೆಗೆ ಆ ಹೆಸರು ಬಂದುದು ಈ ಮಂಡಲಿಯಿಂದಲೇ. ಅಲ್ಲಿ ಗಂಟೆಗಟ್ಟಲೆ ನಿಂತವರಲ್ಲಿ ಎಷ್ಟು ಮಂದಿಗೆ ಒಳಗೆ ಬಟ್ಟೆಯ ಪರೀಕ್ಷೆಯೂ ನಡೆಯುವುದೆಂದು ತಿಳಿದಿದೆಯೋ ಕಾಣೆವು. ಅಲ್ಲಿ ಕೊಟ್ಟ ವರದಿಯಲ್ಲಿ ವಸ್ತ್ರದ ಗುರುತು, ತಾರೀಖು, ಹಾಸು ಹೊಕ್ಕುಗಳು ಯಾವ ನೂಲಿನವು ಎಂಬುದು ಇವೆಲ್ಲವೂ ನಮೂದಾಗಿವೆಯೇ ಎಂದು ನೋಡಿ ತೆಗೆದುಕೊಳ್ಳಬೇಕು. ಪರೀಕ್ಷೆಯ ಶುಲ್ಕದ ರಸೀದಿಯನ್ನು ಕಳೆಯಬಾರದು. ಮುಂದೆ ಅದು ಉಪಯೋಗಕ್ಕೆ ಬರುವುದು.

ಈ ವರದಿಯ ಮಿತಿಯನ್ನೂ ತಿಳಿದಿರಬೇಕು. ಸಿಲ್ಕ್ ಮಾರ್ಕ್ ಎಂಬುದು ‘ಇದು ಶುದ್ಧ ರೇಷ್ಮೆ’ ಎಂದಷ್ಟೇ ಹೇಳುವುದು. ‘ಇದು ಮೈಸೂರಿನದು’ ಎಂದು ಹೇಳುವುದಿಲ್ಲ. ಸೋದರಿಯವರ ಸೀರೆಯು ಬೇರೆಲ್ಲಿಯೋ ನೆಯ್ದ ಶುದ್ಧ ರೇಷ್ಮೆಯೇ ಆಗಿದ್ದರೆ, ಪರೀಕ್ಷಾಲಯವು ಅದನ್ನು ರೇಷ್ಮೆಯೆಂದೇ ಬರೆದುಕೊಡುವುದು; ಮಾರಿದವನು ಆ ವರದಿಯನ್ನೇ ತನ್ನ ಪರವಾಗಿ ಎತ್ತಿ ಹಿಡಿಯುವನು. ಆಗ ನೆರವಿಗೆ ಬರುವುದು ನಿಗಮದ ಕಾಗದವೊಂದೇ. ಮೈಸೂರಿನ ಕಾರ್ಖಾನೆಯು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದುದು. 1980ರಿಂದ ನಿಗಮದ ಕೈಯಲ್ಲಿದೆ. ಅಲ್ಲಿ ನೆಯ್ದ ಸೀರೆಗೆ ಪ್ರತ್ಯೇಕವಾದ ಗುರುತಿನ ಸಂಖ್ಯೆಯೂ ಹೊಳೆಯುವ ಹಾಲೋಗ್ರಾಮ್ ಚೀಟಿಯೂ ಇರುವುವು. ಚೀಟಿಯನ್ನು ಅನುಕರಿಸುವುದು ಕಷ್ಟವಲ್ಲ. ಸಂಖ್ಯೆಯನ್ನು ಮಾತ್ರ ನಿಗಮದವರು ತಮ್ಮ ಲೆಕ್ಕದಲ್ಲಿ ತಾಳೆನೋಡಬಹುದು.

ಆದುದರಿಂದ ಮಳಿಗೆಯವರು ಬಾಯಿಮಾತಿನಲ್ಲಿ ಹೇಳಿದುದನ್ನು ಬರಹಕ್ಕಿಳಿಸಬೇಕು. ಸೀರೆಯ ಪೂರ್ಣ ಚಿತ್ರ, ಅಂಚಿನ ಸಂಖ್ಯೆಯ ಚಿತ್ರ, ಚೀಟಿಯ ಚಿತ್ರ, ಮಾರಿದವನು ಕೊಟ್ಟ ರಸೀದಿಯ ನಕಲು ಇವುಗಳನ್ನು ಸೇರಿಸಿ, ‘ಈ ಸಂಖ್ಯೆಯ ಸೀರೆಯನ್ನು ತಾವು ತಯಾರಿಸಿರುವಿರೇ, ಈ ವ್ಯಾಪಾರಿಗೆ ತಮ್ಮ ಸೀರೆಗಳನ್ನು ಮಾರುವ ಅನುಮತಿ ಇದೆಯೇ’ ಎಂಬ ಎರಡೇ ಪ್ರಶ್ನೆಗಳನ್ನು ಕೇಳಿ ನಿಗಮದ ಕಚೇರಿಗೆ ಮನವಿ ಸಲ್ಲಿಸಬೇಕು. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ‘ನಕಲಿಯೇ’ ಎಂದು ಬರೆದುಕೊಡಲು ಅನೇಕ ಸಂಸ್ಥೆಗಳು ಹಿಂದೆಗೆಯುವುವು, ನ್ಯಾಯಾಲಯದ ತೊಡಕಿಗೆ ಹೆದರಿ. ‘ಈ ಸಂಖ್ಯೆ ನಮ್ಮದಲ್ಲ’ ಎಂದು ಬರೆಯಲು ಅಷ್ಟು ಅಳುಕುವುದಿಲ್ಲ. ನಮಗೆ ಬೇಕಾದುದೂ ಅಷ್ಟೇ.

ಕೈಚೀಲ, ಪಾದರಕ್ಷೆ, ಕೈಗಡಿಯಾರ ಮೊದಲಾದ ಪರದೇಶದ ಬೆಲೆಬಾಳುವ ಸಾಮಾನುಗಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಅವುಗಳನ್ನು ತಯಾರಿಸುವ ಎಷ್ಟೋ ಕಂಪೆನಿಗಳು ಬೇರೆಡೆ ಕೊಂಡ ವಸ್ತುವಿನ ಬಗ್ಗೆ ಅಭಿಪ್ರಾಯವನ್ನೇ ಕೊಡವು. ಅದಕ್ಕಾಗಿ ಹಣ ಪಡೆದು ಅಸಲು ನಕಲನ್ನು ನಿರ್ಣಯಿಸುವ ಖಾಸಗಿ ಸಂಸ್ಥೆಗಳು ಹುಟ್ಟಿಕೊಂಡಿವೆ. ಕೆಲವು ಚಿತ್ರಗಳನ್ನು ನೋಡಿಯೇ ಹೇಳುವುವು; ಕೆಲವು ವಸ್ತುವನ್ನೇ ತರಿಸಿಕೊಂಡು ನೋಡುವುವು. ಚಿತ್ರ ನೋಡಿ ಹೇಳಿದ ಒಂದು ಸಾಲಿನ ‘ಅಸಲಲ್ಲ’ ಎಂಬ ತೀರ್ಪಿಗೆ ನಾವು ಹೆಚ್ಚು ಬೆಲೆ ಕಟ್ಟಲಾರೆವು. ಯಾರು ನೋಡಿದರು, ಯಾವ ವಸ್ತುವನ್ನು ನೋಡಿದರು, ಯಾವ ಲಕ್ಷಣದಿಂದ ನಕಲಿಯೆಂದು ಬಗೆದರು ಎಂಬುದನ್ನು ಬರೆದ ಪ್ರಮಾಣಪತ್ರವಾದರೆ ಅದಕ್ಕೆ ತೂಕವಿದೆ. ಹಣ ಕೊಡುವ ಮೊದಲೇ ಅಂಥ ಪತ್ರ ಕೊಡುವಿರಾ ಎಂದು ಕೇಳಿಬಿಡುವುದು ಲೇಸು.

ಇನ್ನು ಹಣದ ಮಾತು. ಮೊದಲನೆಯ ಬಾಗಿಲು ಮಾರಿದವನದೇ. ‘ಏಳು ದಿನಗಳ ಗಡುವು ಮೀರಿತು’ ಎಂಬ ಉತ್ತರಕ್ಕೆ ಸೋದರಿಯವರು ಎದೆಗುಂದಬೇಕಾಗಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಖೊಟ್ಟಿಯಾದ ಅಥವಾ ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲಾಗಲಿ ಹಣವನ್ನು ಮರಳಿಸಲಾಗಲಿ ಮಾರಾಟಗಾರನು ನಿರಾಕರಿಸುವಂತಿಲ್ಲ. ಬಣ್ಣ ಹಿಡಿಸಲಿಲ್ಲವೆಂದು ಹಿಂದಿರುಗಿಸುವವರಿಗೆ ಅಂಗಡಿಯು ಇಟ್ಟುಕೊಂಡ ಗಡುವನ್ನು ನಕಲಿಯ ಮೇಲೆ ಹೇರುವುದು ನ್ಯಾಯವಲ್ಲ. ಅಂತರ್ಜಾಲದ ಪ್ರತಿಯೊಂದು ಅಂಗಡಿಯೂ ಕುಂದುಕೊರತೆಯ ಅಧಿಕಾರಿಯೊಬ್ಬರ ಹೆಸರನ್ನು ತನ್ನ ತಾಣದಲ್ಲಿ ಪ್ರಕಟಿಸಿರಬೇಕು. ಆ ಅಧಿಕಾರಿಯು ದೂರು ಬಂದುದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರನ್ನು ಆ ಹೆಸರಿಗೇ ಬರೆಯಬೇಕು. ಹಲವು ವ್ಯಾಪಾರಿಗಳು ಸೇರಿ ಮಾರುವ ದೊಡ್ಡ ತಾಣವಾದರೆ, ಮಾರಿದವನ ವಿಳಾಸವನ್ನು ಲಿಖಿತವಾಗಿ ಕೇಳಿ ಪಡೆಯುವ ಹಕ್ಕು ಕೊಂಡವರಿಗಿದೆ. ಮುಂದೆ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಆ ವಿಳಾಸವಿಲ್ಲದೆ ಕೆಲಸ ಸಾಗದು.

ಈ ಹಂತದಲ್ಲಿ ವ್ಯಾಪಾರಿಗಳು ಒಂದು ಆಮಿಷವನ್ನೊಡ್ಡುವುದುಂಟು. ‘ಅರ್ಧ ಹಣ ಕೊಡುತ್ತೇವೆ, ಸೀರೆಯನ್ನೂ ಇಟ್ಟುಕೊಳ್ಳಿರಿ, ದೂರನ್ನು ಹಿಂತೆಗೆಯಿರಿ’ ಎನ್ನುವರು. ಒಪ್ಪಿಕೊಂಡರೆ ವ್ಯವಹಾರ ತೀರಿತೆಂದು ಅದನ್ನೇ ಬ್ಯಾಂಕಿಗೆ ತೋರಿಸುವರು. ಪೂರ್ತಿ ಹಣ ಬೇಕೆನ್ನುವವರು ಅರ್ಧಕ್ಕೆ ಕೈಯೊಡ್ಡಬಾರದು.

ಎರಡನೆಯ ಬಾಗಿಲು ಬ್ಯಾಂಕು. ಕಾರ್ಡಿನ ಮೂಲಕ ಹಣ ಸಲ್ಲಿಸಿದವರಿಗೆ ಚಾರ್ಜ್‌ಬ್ಯಾಕ್ ಎಂಬ ಸೌಕರ್ಯವಿದೆ. ತಮಗೆ ಕಾರ್ಡು ಕೊಟ್ಟ ಬ್ಯಾಂಕು, ವ್ಯಾಪಾರಿಯ ಬ್ಯಾಂಕಿನಿಂದ ಆ ಹಣವನ್ನು ಮರಳಿ ಕೇಳುವ ಕ್ರಮವಿದು. ವೀಸಾ ಕಾರ್ಡುಗಳ ನಿಯಮದಲ್ಲಿ ನಕಲಿ ಸರಕಿಗೆಂದೇ 13.4 ಎಂಬ ಪ್ರತ್ಯೇಕ ಕಾರಣಸಂಖ್ಯೆ ಇರುವುದು. ಸರಕು ನಕಲಿಯೆಂಬುದನ್ನು ಆ ಹೆಸರಿನ ಒಡೆತನವುಳ್ಳವರಾಗಲಿ, ಸರ್ಕಾರದ ಸಂಸ್ಥೆಯಾಗಲಿ, ಯಾರ ಪಕ್ಷಕ್ಕೂ ಸೇರದ ತಜ್ಞರಾಗಲಿ ಗುರುತಿಸಿರಬೇಕೆಂದು ಆ ನಿಯಮವು ಕೇಳುವುದು. ಮೇಲೆ ಎರಡು ಕಾಗದಗಳಿಗಾಗಿ ನಾವು ಅಷ್ಟು ಒತ್ತಿ ಹೇಳಿದುದು ಇದಕ್ಕಾಗಿಯೇ. ಕೊಂಡವರು ತಾವೇ ನಕಲಿಯೆಂದರೆ ಅದು ಅಭಿಪ್ರಾಯವೆನಿಸುವುದು. ನಿಗಮವು ಹೇಳಿದರೆ ಪ್ರಮಾಣವೆನಿಸುವುದು.

ಕಾಲದ ಮಿತಿ ಸಾಮಾನ್ಯವಾಗಿ 120 ದಿನಗಳು. ನಕಲಿಯೆಂದು ತಿಳಿದ ದಿನದಿಂದ ಎಣಿಸಲು ನಿಯಮದಲ್ಲಿ ಅವಕಾಶವಿದ್ದರೂ, ಸರಕು ಕೈಸೇರಿದ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. ಸೋದರಿಯವರಿಗೆ ಸೆಪ್ಟೆಂಬರು 10ರಿಂದ ಎಣಿಸಿದರೆ ಜನವರಿ 8ಕ್ಕೆ ಗಡುವು ಮುಗಿಯುವುದು. ಬ್ಯಾಂಕಿನವರೂ ಕಾಗದಗಳನ್ನು ನೋಡಿ ಮುಂದೆ ಕಳುಹಿಸಲು ದಿನ ತೆಗೆದುಕೊಳ್ಳುವರು; ಆದುದರಿಂದ ಡಿಸೆಂಬರು ಮೊದಲ ವಾರಕ್ಕೆ ಅರ್ಜಿ ಅವರ ಕೈಯಲ್ಲಿರಬೇಕು. ವ್ಯಾಪಾರಿಯ ಅಧಿಕಾರಿಗೆ ಕೊಟ್ಟ ಒಂದು ತಿಂಗಳೂ ಅಷ್ಟರೊಳಗೆ ಕಳೆದಿರುವುದು. ಸಂಧಾನದ ಮಾತಿನಲ್ಲಿ ದಿನಗಳನ್ನು ನೂಕುತ್ತ ಗಡುವನ್ನು ದಾಟಿಸುವುದು ಕೆಲವು ವ್ಯಾಪಾರಿಗಳ ಉಪಾಯವೆಂಬುದನ್ನು ಮರೆಯಬಾರದು.

ಬ್ಯಾಂಕಿಗೆ ಬರೆಯುವಾಗ ಬಹು ಮಂದಿ ಎಡವುವ ಸ್ಥಳವೊಂದಿದೆ. ಕೋಪದಲ್ಲಿ ‘ನನಗೆ ಮೋಸವಾಯಿತು’ ಎಂದು ದೂರವಾಣಿಯಲ್ಲಿ ಹೇಳಿದರೆ, ಕೇಳಿದವರು ಅದನ್ನು ಕಾರ್ಡಿನ ಕಳವೆಂದು ಬರೆದುಕೊಂಡು, ಕಾರ್ಡನ್ನು ನಿಲ್ಲಿಸಿ, ಕೆಲವು ದಿನಗಳ ಮೇಲೆ ‘ನಿಮ್ಮ ಮೊಬೈಲಿಗೆ ಬಂದ ಒ.ಟಿ.ಪಿ.ಯನ್ನು ಕೊಟ್ಟೇ ಹಣ ಪಾವತಿಯಾಗಿದೆ, ಆದುದರಿಂದ ದೂರು ನಿಲ್ಲದು’ ಎಂದು ತಳ್ಳಿಹಾಕುವರು. ಹಣವನ್ನು ತಾವೇ ಸಲ್ಲಿಸಿದ್ದು ನಿಜ. ವಿವಾದವಿರುವುದು ಸರಕಿನ ಮೇಲೆ. ಒಕ್ಕಣೆಯು ಹೀಗಿರಬಹುದು:

‘ಈ ಪಾವತಿಯನ್ನು ನಾನೇ ಮಾಡಿರುತ್ತೇನೆ. ಮೈಸೂರು ರೇಷ್ಮೆಯೆಂದು ಮಾರಲಾದ ಸೀರೆಯು ನಕಲಿಯೆಂದು ನಿಗಮದ ಪತ್ರದಿಂದಲೂ ಪರೀಕ್ಷಾಲಯದ ವರದಿಯಿಂದಲೂ ತಿಳಿದುಬಂದಿದೆ. ವ್ಯಾಪಾರಿಯನ್ನು ಇಂಥ ತಾರೀಖಿನಂದು ಹಣ ಕೇಳಿದ್ದೇನೆ, ಕೊಡಲಿಲ್ಲ. ಸೀರೆಯು ಉಡದೆ ನನ್ನ ಬಳಿಯಲ್ಲಿಯೇ ಇದೆ. ನಕಲಿ ಸರಕಿನ ಕಾರಣದ ಮೇಲೆ 16,800 ರೂಪಾಯಿಗಳ ಚಾರ್ಜ್‌ಬ್ಯಾಕನ್ನು ಹೂಡಬೇಕಾಗಿ ಕೋರುತ್ತೇನೆ.’

ಇದರೊಡನೆ ಅಂಗಡಿಯ ಜಾಹೀರಾತಿನ ಪುಟದ ಚಿತ್ರವನ್ನೂ ಸೇರಿಸಬೇಕು. ದೂರು ಹೋದೊಡನೆ ಆ ಪುಟವು ಮಾಯವಾಗುವುದು ಸಾಮಾನ್ಯ. ಆದ್ದರಿಂದ ವ್ಯಾಪಾರಿಗೆ ಒಂದು ಅಕ್ಷರ ಬರೆಯುವ ಮೊದಲೇ ಅದರ ಚಿತ್ರವನ್ನು ತೆಗೆದಿಟ್ಟುಕೊಂಡಿರಬೇಕು. ಸೋದರಿಯವರು ಈಗಾಗಲೇ ಬರೆದಿರುವರು. ಪುಟ ಇನ್ನೂ ಇದ್ದರೆ ಇಂದೇ ತೆಗೆಯಲಿ. ಇಲ್ಲವಾಗಿದ್ದರೆ, ಕೊಂಡಾಗ ಬಂದ ಇ-ಅಂಚೆಯಲ್ಲಿಯೂ ರಸೀದಿಯಲ್ಲಿಯೂ ‘ಮೈಸೂರು ರೇಷ್ಮೆ’ ಎಂಬ ಪದವಿದೆಯೇ ಎಂದು ಹುಡುಕಲಿ.

ಅರ್ಜಿಯನ್ನು ಒಪ್ಪಿದ ಬ್ಯಾಂಕು ಕೆಲವು ವೇಳೆ ಹಣವನ್ನು ತಾತ್ಕಾಲಿಕವಾಗಿ ಲೆಕ್ಕಕ್ಕೆ ಜಮಾ ಮಾಡುವುದು. ಅದನ್ನು ಬಂದ ಹಣವೆಂದು ಖರ್ಚುಮಾಡಬಾರದು. ವ್ಯಾಪಾರಿಯ ತಕರಾರು ಗೆದ್ದರೆ ಅದು ಮರಳಿ ಕಳೆದುಹೋಗುವುದು. ಬ್ಯಾಂಕೇ ಕಾರಣವಿಲ್ಲದೆ ದೂರನ್ನು ತಳ್ಳಿಹಾಕಿದರೆ, ಅಥವಾ 30 ದಿನಗಳವರೆಗೆ ಉತ್ತರವನ್ನೇ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ cms.rbi.org.in ಎಂಬ ತಾಣದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ಇತ್ತ ವ್ಯಾಪಾರಿಯೂ ಅತ್ತ ಬ್ಯಾಂಕೂ ಒಟ್ಟಿಗೇ ಹಣ ಕೊಟ್ಟರೆ ಒಂದನ್ನು ಕೂಡಲೇ ತಿಳಿಸಿ ಹಿಂದಿರುಗಿಸಬೇಕು.

ಡೆಬಿಟ್ ಕಾರ್ಡಿಗೂ ಈ ಸೌಕರ್ಯವುಂಟು. ಸರಕು ಬಂದಾಗ ನಗದು ಕೊಟ್ಟವರಿಗೆ ಇಲ್ಲ. ಅವರಿಗೆ ಮೊದಲನೆಯ ಬಾಗಿಲೂ ಮುಂದೆ ಹೇಳುವ ಮೂರನೆಯದೂ ಮಾತ್ರವೇ ಗತಿ. ಬೆಲೆಬಾಳುವ ವಸ್ತುವನ್ನು ಕಾಣದೆ ಕೊಳ್ಳುವವರು ಕಾರ್ಡಿನಿಂದ ಕೊಳ್ಳುವುದು ಮೇಲೆಂದು ನಾವು ಹೇಳುವುದು ಇದಕ್ಕೇ, ಸಾಲದ ಮೇಲಣ ಪ್ರೀತಿಯಿಂದಲ್ಲ.

ಮೂರನೆಯದು ಗ್ರಾಹಕರ ಆಯೋಗ. ಅಲ್ಲಿಗೆ ಹೋಗುವ ಮುನ್ನ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು ನೋಡಬಹುದು. ಅವರು ವ್ಯಾಪಾರಿಯೊಡನೆ ಮಾತನಾಡುವರು. ಎಷ್ಟೋ ವ್ಯಾಜ್ಯಗಳು ಅಲ್ಲಿಯೇ ತೀರುವುವು. ಆದರೆ ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ಆ ಅಧಿಕಾರವಿರುವುದು ಜಿಲ್ಲಾ ಆಯೋಗಕ್ಕೆ. 2019ರ ಕಾನೂನಿನ ಮೇರೆಗೆ ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ವ್ಯಾಪಾರಿಯು ಸೂರತ್ತಿನಲ್ಲಿದ್ದರೂ ಸೋದರಿಯವರಿಗೆ ದಾವಣಗೆರೆಯೇ ಸಾಕು. ಕೊಟ್ಟ ಬೆಲೆಯು ಐದು ಲಕ್ಷ ರೂಪಾಯಿಗಳೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ಇ-ಜಾಗೃತಿ ಎಂಬ ತಾಣದ ಮೂಲಕ ಮನೆಯಲ್ಲಿ ಕುಳಿತೇ ದೂರನ್ನು ಸಲ್ಲಿಸಬಹುದು. ಕಾಲಾವಧಿ ಎರಡು ವರ್ಷಗಳು.

ಬ್ಯಾಂಕಿನಿಂದ ಬರುವುದು ಸೀರೆಯ ಬೆಲೆ ಮಾತ್ರ. ಪರೀಕ್ಷೆಯ ಶುಲ್ಕ, ಅಂಚೆಯ ವೆಚ್ಚ, ಪಟ್ಟ ಕ್ಲೇಶಕ್ಕೆ ಪರಿಹಾರ ಇವೆಲ್ಲವನ್ನೂ ಕೇಳಬೇಕಾದ ಸ್ಥಳ ಆಯೋಗವೇ. ಸರಕಿನ ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಣಯಿಸಲಾಗದಿದ್ದರೆ, ಆಯೋಗವು ಮಾದರಿಯನ್ನು ಮೊಹರು ಮಾಡಿಸಿ ತಾನೇ ಪರೀಕ್ಷಾಲಯಕ್ಕೆ ಕಳುಹಿಸಬಹುದು. ಅದರ ಶುಲ್ಕವನ್ನು ದೂರುದಾರರಿಂದ ಠೇವಣಿಯಾಗಿ ಕೇಳಬಹುದು. ಅದಕ್ಕಾಗಿಯೂ ಸೀರೆಯು ಕೈಯಲ್ಲಿರಬೇಕು.

ಪೋಲೀಸರಿಗೆ ತಿಳಿಸಬೇಕೇ ಎಂದೂ ಸೋದರಿಯವರು ಕೇಳಿದ್ದಾರೆ. ಸುಳ್ಳು ವಾಣಿಜ್ಯಮುದ್ರೆ ಹಾಕಿದ ಸರಕನ್ನು ಮಾರುವುದು ಅಪರಾಧವೇ ಸರಿ. 1999ರ ಕಾನೂನಿನಲ್ಲಿ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವೂ, 50,000ದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡವೂ ಹೇಳಲ್ಪಟ್ಟಿವೆ. ಆದರೆ ಆ ದಾರಿಯಲ್ಲಿ ಶೋಧನೆ ನಡೆಸಬೇಕಾದರೆ ಡಿ.ವೈ.ಎಸ್.ಪಿ. ದರ್ಜೆಗಿಂತ ಕೆಳಗಿನವರಾಗದು, ಮುದ್ರೆಗಳ ರಿಜಿಸ್ಟ್ರಾರರ ಅಭಿಪ್ರಾಯವನ್ನೂ ಅವರು ಪಡೆಯಬೇಕು. ಒಂದು ಸೀರೆಯ ಹಣಕ್ಕಾಗಿ ಆ ದಾರಿ ಹಿಡಿಯುವುದಕ್ಕಿಂತ, ವ್ಯಾಪಾರಿಯ ಹೆಸರು, ವಿಳಾಸ, ಪುಟದ ಚಿತ್ರಗಳನ್ನು ನಿಗಮಕ್ಕೆ ಒಪ್ಪಿಸುವುದು ಫಲಕಾರಿ. ಹೆಸರಿನ ಒಡೆತನವುಳ್ಳವರು ಮುಂದಾದರೆ ಕ್ರಮ ಬೇಗ ಜರಗುವುದು. ಅಂಗಡಿಯೇ ಸುಳ್ಳಾಗಿ ತಾಣವೇ ಮಾಯವಾಗಿದ್ದರೆ ಮಾತ್ರ ಬೇರೆ ಮಾತು. ಆಗ 1930ಕ್ಕೆ ಕರೆಮಾಡಿ cybercrime.gov.in ತಾಣದಲ್ಲಿ ಬರೆಯಬೇಕು, ಅದೂ ಹಣ ಹೋದ ಗಂಟೆಗಳಲ್ಲಿ. ವಾರಗಳು ಕಳೆದ ಮೇಲೆ ಹಣ ಹತ್ತು ಕೈ ದಾಟಿರುವುದು.

ಕಡೆಯದಾಗಿ ಆ ಸೀರೆಯ ವಿಷಯ. ಬ್ಯಾಂಕು ತೀರ್ಮಾನ ಕೊಟ್ಟ ಮೇಲೆ, ವ್ಯಾಪಾರಿಯು ತನ್ನ ಖರ್ಚಿನಿಂದ ತರಿಸಿಕೊಳ್ಳುವುದಾದರೆ, ಚಿತ್ರ ತೆಗೆದು, ತೂಗಿ, ರಸೀದಿ ಸಿಗುವ ಅಂಚೆಯಲ್ಲಿ ಕಳುಹಿಸಿಕೊಡಬಹುದು. ಅವನು ಬೇಡವೆಂದರೆ ಆಯೋಗದ ದಾವೆ ಮುಗಿಯುವ ತನಕ ಹಾಗೆಯೇ ಇರಲಿ. ಆಮೇಲೆ ಅದನ್ನು ಮೈಸೂರು ರೇಷ್ಮೆಯೆಂದು ಇನ್ನೊಬ್ಬರಿಗೆ ಮಾರಿದರೆ ತಪ್ಪು ತಮ್ಮದಾಗುವುದು. ಹೊಳೆಯುವ ಚೀಟಿಯನ್ನು ಕಿತ್ತು ಹರಿದುಹಾಕಿ, ದಿಂಬಿನ ಗವಸನ್ನೋ ಮಗುವಿನ ಲಂಗವನ್ನೋ ಹೊಲಿಸಿಕೊಂಡರೆ ಯಾರ ಅಡ್ಡಿಯೂ ಇಲ್ಲ.